ರಾಶಿ ಮನೆಗೆ ಹೋಗುವ ಮೊದಲು

ನನ್ನ ಪಿಎಚ್‌ಡಿಯ ಮೊದಲ ಎರಡು ವರ್ಷ ಒಂದು ಕೆರೆಯ ಕೆಸರಿನಲ್ಲಿ ಹೋಯಿತು. ತುಮಕೂರು ಜಿಲ್ಲೆಯ ಕೆರೆ ಅದು. ಊರಿನ ಹೆಸರು ಬೇಡ. ಈ ಬರಹದಲ್ಲಿ ಬರುವವರ ಹೆಸರನ್ನೂ ಬರೆಯುತ್ತಿಲ್ಲ. ಯಾರ ಪಾಲಿನ ಶ್ರೇಯಸ್ಸು ಯಾರಿಗೆ ಎಂದು ಹೇಳಹೊರಟ ಬರಹದಲ್ಲೇ ಹೆಸರುಗಳಿಲ್ಲ ಎಂದು ನೀವು ನಗಬಹುದು. ಆದರೆ ಆ ಹೆಸರುಗಳು ಇರಬೇಕಾದ ಜಾಗದಲ್ಲಿ ಇವೆ. ಹೇಗೆ ಅಲ್ಲಿಗೆ ಹೋದವು ಅನ್ನುವುದನ್ನಷ್ಟೇ ಹೇಳುತ್ತೇನೆ. ಅದರಲ್ಲಿ ನಾನು ತಲೆ ತಗ್ಗಿಸಿ ನಿಂತ ಒಂದು ಸಂಜೆಯೂ ಇದೆ.

ನಮ್ಮ ಪ್ರಾಜೆಕ್ಟಿನ ಪ್ರಶ್ನೆ ಸರಳವಾಗಿತ್ತು. ಕಳೆದ ನೂರು ವರ್ಷಗಳಲ್ಲಿ ಆ ಕೆರೆಗೆ ಹೂಳು ಯಾವ ವೇಗದಲ್ಲಿ ತುಂಬಿದೆ? ಉತ್ತರ ಕೆರೆಯ ತಳದಲ್ಲೇ ಇರುತ್ತದೆ. ಪ್ರತಿ ಮಳೆಗಾಲದಲ್ಲೂ ಹೊಲ, ಗುಡ್ಡಗಳಿಂದ ಮಣ್ಣು ಹರಿದು ಬಂದು ಒಂದು ತೆಳು ಪದರವಾಗಿ ಕೂರುತ್ತದೆ. ಪ್ಲಾಸ್ಟಿಕ್ ಕೊಳವೆಯೊಂದನ್ನು ನೆಟ್ಟಗೆ ಒತ್ತಿ ಇಳಿಸಿ, ಒಳಗಿನ ಮಣ್ಣು ಜಾರದಂತೆ ಮೇಲೆತ್ತಿದರೆ ಆ ಪದರಗಳು ಕ್ರಮವಾಗಿ ಕೈಗೆ ಬರುತ್ತವೆ. ಮೇಲಿನದು ಈ ವರ್ಷದ್ದು, ಕೆಳಗಿನದು ಮುತ್ತಜ್ಜನ ಕಾಲದ್ದು.

ಯಾವ ಪದರ ಯಾವ ಕಾಲದ್ದು ಎಂದು ತಿಳಿಯಲು ಸೀಸ-210 ಎಂಬ ವಿಕಿರಣಶೀಲ ಸೀಸವನ್ನು ಅಳೆಯುತ್ತೇವೆ. ನೆಲದೊಳಗಿನ ಕಲ್ಲುಗಳಿಂದ ರೇಡಾನ್ ಅನಿಲ ಗಾಳಿಗೆ ಸೇರುತ್ತದೆ, ಅಲ್ಲಿ ಸೀಸವಾಗಿ ಬದಲಾಗಿ ಮಳೆಯ ಜೊತೆ, ಧೂಳಿನ ಜೊತೆ ಕೆಳಗೆ ಬೀಳುತ್ತದೆ. ಕೆರೆಯ ಮಣ್ಣಿನಲ್ಲಿ ಹೂತ ಮೇಲೆ ಸುಮಾರು 22 ವರ್ಷಕ್ಕೆ ಅರ್ಧ, 44 ವರ್ಷಕ್ಕೆ ಕಾಲು ಭಾಗ, ಹೀಗೆ ಕರಗುತ್ತಾ ಹೋಗುತ್ತದೆ. ನೂರು, ನೂರೈವತ್ತು ವರ್ಷವಾದರೆ ಅಳೆಯಲು ಏನೂ ಉಳಿಯುವುದಿಲ್ಲ. ಹಾಗಾಗಿ ಯಾರೂ ಕೈಹಾಕದ ಕೆಸರಿನಲ್ಲಿ ಆಳಕ್ಕೆ ಹೋದಂತೆ ಈ ಸೀಸ ಕಡಿಮೆಯಾಗುತ್ತಾ ಹೋಗಬೇಕು. ಕಡಿಮೆಯಾಗದೆ ಮೇಲಿಂದ ಕೆಳಗಿನವರೆಗೆ ಒಂದೇ ಸಮ ಇದ್ದರೆ, ಯಾರೋ ಅದನ್ನು ಅಗೆದು ಕಲಸಿದ್ದಾರೆ ಎಂದರ್ಥ.

ನಮ್ಮ ಮೊದಲ ಕೊಳವೆಯಲ್ಲಿ ಅದು ಒಂದೇ ಸಮ ಇತ್ತು. ಎರಡನೆಯದರಲ್ಲೂ ಹಾಗೆಯೇ.

ಇದು ಗೊತ್ತಾಗುವುದಕ್ಕೆ ಎಷ್ಟು ಕಾಲ ಬೇಕು ಎಂದು ಹೇಳದಿದ್ದರೆ ನಮ್ಮ ಸಂಕಟ ಅರ್ಥವಾಗುವುದಿಲ್ಲ. ಮಣ್ಣನ್ನು ಒಂದೊಂದು ಸೆಂಟಿಮೀಟರ್ ಹೋಳು ಮಾಡಬೇಕು. ಪ್ರತಿ ಹೋಳನ್ನೂ ಹಸಿಯಾಗಿ ತೂಗಿ, 105 ಡಿಗ್ರಿಯ ಒಲೆಯಲ್ಲಿ ಒಣಗಿಸಿ ಮತ್ತೆ ತೂಗಬೇಕು. ಆರಿಸಿದ ಹೋಳುಗಳನ್ನು ಪುಡಿ ಮಾಡಿ ಡಬ್ಬಿಗೆ ತುಂಬಿ, ಗಾಳಿಯಾಡದಂತೆ ಮುಚ್ಚಿ ಮೂರು ವಾರ ಇಡಬೇಕು. ಆಮೇಲೆ ಒಂದೊಂದು ಡಬ್ಬಿಯನ್ನೂ ಯಂತ್ರದೊಳಗೆ ಒಂದು, ಒಂದೂವರೆ ದಿನ ಕೂರಿಸಬೇಕು. ಯಂತ್ರ ಒಂದೇ, ಅದಕ್ಕೆ ಕಾಯುವ ಪ್ರಾಜೆಕ್ಟುಗಳು ನಾಲ್ಕು. ಎರಡು ಕೊಳವೆಗಳಿಗೆ ಹದಿನಾಲ್ಕು ತಿಂಗಳು ಹೋದವು. ಹಣ ಕೊಟ್ಟ ಸಂಸ್ಥೆ ವರದಿ ಕೇಳತೊಡಗಿತು. ನನ್ನ ಜೊತೆ ಸೇರಿದವರು ಎರಡನೇ ಲೇಖನ ಬರೆಯುತ್ತಿದ್ದರು.

ತಂಡ ದೊಡ್ಡದೇನಲ್ಲ. ಮೇಡಂ ಅದರ ಮುಖ್ಯಸ್ಥೆ, ನನ್ನ ಗೈಡ್ ಕೂಡ. ನಾನು. ಡಿಪ್ಲೊಮಾ ಮುಗಿಸಿ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿ ಸೇರಿದ್ದ, ನನ್ನನ್ನು ಅಕ್ಕ ಎನ್ನುತ್ತಿದ್ದ ಒಬ್ಬ ಹುಡುಗ. ಮತ್ತೆ ಊರಿನಲ್ಲಿ ತೆಪ್ಪ ಒದಗಿಸಿ, ಹಗ್ಗ ಹಿಡಿದು, ಕೊಳವೆ ಎತ್ತಲು ಹೆಗಲು ಕೊಡುತ್ತಿದ್ದ ಅಜ್ಜ. ಅವರು ಆ ಕೆರೆಯ ನೀರುಗಂಟಿ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು, ತೂಬು ಯಾವಾಗ ಎತ್ತಬೇಕು, ಯಾವಾಗ ಮುಚ್ಚಬೇಕು ಎನ್ನುವುದು ಅವರ ಮನೆತನಕ್ಕೆ ತಲೆತಲಾಂತರದಿಂದ ಬಂದ ಕೆಲಸ. ಈಗ ಬೋರ್‌ವೆಲ್ ಬಂದು ಆ ಕೆಲಸ ಹೆಸರಿಗಷ್ಟೇ ಉಳಿದಿದೆ. ನಮ್ಮ ಲೆಕ್ಕಪುಸ್ತಕದಲ್ಲಿ ಅವರು "ದಿನಗೂಲಿ, ಒಬ್ಬರು" ಆಗಿದ್ದರು.

ಎರಡನೇ ಕೊಳವೆಯ ಫಲಿತಾಂಶ ಬಂದ ವಾರ ಮೇಡಂ ಒಬ್ಬರೇ ಬಸ್ಸು ಹತ್ತಿ ಊರಿಗೆ ಹೋದರು. ಸಂಜೆ ಫೋನ್ ಮಾಡಿ, "ಮೊದಲನೇ ದಿನ ಅಜ್ಜ ಏನೋ ಹೇಳಿದ್ರಲ್ಲ, ನಿನ್ನ ನೋಟ್‌ಬುಕ್ಕಲ್ಲಿದೆಯಾ ನೋಡು" ಎಂದರು. ಇರಲಿಲ್ಲ. ನೆನಪು ಮಾತ್ರ ಇತ್ತು. ಮೊದಲನೇ ದಿನ ತೂಬಿನ ಮುಂದೆ ಕೊಳವೆ ಇಳಿಸುವಾಗ ಅವರು, "ಇಲ್ಯಾಕವ್ವಾ ಇಳುಸ್ತೀರಿ, ಇಲ್ಲಿ ಏನೈತೆ" ಅಂದಿದ್ದರು. ನೀರು ಕೊನೆಯವರೆಗೆ ನಿಲ್ಲುವ ಜಾಗ ಅದು ಎಂದು ಉಪಗ್ರಹ ಚಿತ್ರಗಳನ್ನು ನೋಡಿ ಮೇಡಂ ಆರಿಸಿದ್ದರು. ನಾವು ನಕ್ಕು ಸುಮ್ಮನಾಗಿದ್ದೆವು.

ಆ ದಿನ ಏರಿಯ ಮೇಲೆ ಕೂತು ಅಜ್ಜ ಹೇಳಿದ್ದು ಇಷ್ಟು. ತೂಬಿನ ಬಾಯಿಗೆ ಹೂಳು ಕಟ್ಟಿದರೆ ನೀರು ಹೋಗುವುದಿಲ್ಲ, ಆದ್ದರಿಂದ ನೀರು ತಗ್ಗಿದ ಪ್ರತಿ ಬೇಸಿಗೆಯಲ್ಲೂ ಅಲ್ಲಿ ಅಗೆದು ಬಿಡಿಸುತ್ತಿದ್ದರು. ಹಾಗಾಗಿ ಅಲ್ಲಿರುವುದು ಹೊಸ ಮಣ್ಣು, ಅದೂ ಕಲಸಿದ್ದು. ನಮ್ಮ ಎರಡನೇ ಜಾಗ, ಕೆರೆಯ ನಡುಮಧ್ಯ, ಬರಗಾಲದಲ್ಲಿ ಒಣಗುತ್ತಿತ್ತು. ಒಣಗಿದ ಅಂಗಳದಲ್ಲಿ ಉತ್ತು ಕಡಲೆ ಹಾಕಿದ್ದು ಅವರೇ ನೋಡಿದ್ದಾರೆ. ಅದರ ಮೇಲೆ, ಗಾಡಿ ಹೋಗುವ ಕಡೆಯಲ್ಲೆಲ್ಲ ರೈತರು ಕೆರೆಗೋಡು ತುಂಬಿಕೊಂಡು ಹೊಲಕ್ಕೆ ಹೊಡೆದಿದ್ದಾರೆ.

"ಹಂಗಾರೆ ಯಾರೂ ಮುಟ್ಟದೇ ಇರೋ ಜಾಗ ಇಲ್ವಾ?" ಎಂದು ಮೇಡಂ ಕೇಳಿದರಂತೆ.

"ಐತೆ. ಹಳೇ ತೂಬಿನ ಮುಂದೆ."

ಏರಿಯ ಪಡುವಣ ಮೂಲೆಯಲ್ಲಿ ಎರಡು ಕಲ್ಲುಕಂಬಗಳು ಮುರಿದು ನಿಂತಿದ್ದವು. ಅದು ಅವರ ತಂದೆಗೂ ಹಿಂದಿನ ಕಾಲದಲ್ಲಿ ಮುಚ್ಚಿಹೋದ ತೂಬು. ಮುಚ್ಚಿದ ತೂಬಿನ ಬಾಯಿಯನ್ನು ಬಿಡಿಸುವವರಿಲ್ಲ. ಅಲ್ಲಿ ಮಡು ಇರುವುದರಿಂದ ಬರಗಾಲದಲ್ಲೂ ಕೆಸರು ಒಣಗುವುದಿಲ್ಲ, ಗಾಡಿ ಇಳಿದರೆ ಅಚ್ಚಿನ ತನಕ ಹೂತುಹೋಗುತ್ತದೆ. ಉಪಗ್ರಹಕ್ಕೆ ಕಂಡಿದ್ದು ನೀರು. ಕೆಸರನ್ನು ಯಾರು ಮುಟ್ಟಿದ್ದಾರೆ ಎನ್ನುವುದು ಅದಕ್ಕೆ ಕಾಣುವುದಿಲ್ಲ.

ಅಲ್ಲಿ ಮೂರನೇ ಕೊಳವೆ ಇಳಿಸಿದೆವು. 110 ಸೆಂಟಿಮೀಟರ್ ಮಣ್ಣು ಬಂತು. ಅಷ್ಟುದ್ದದ ಕೊಳವೆ ಜೀಪಿನಲ್ಲಿ ನೆಟ್ಟಗೆ ನಿಲ್ಲುವುದಿಲ್ಲವೆಂದು 52ನೇ ಸೆಂಟಿಮೀಟರಿಗೆ ಗರಗಸದಿಂದ ಕುಯ್ದು ಎರಡು ತುಂಡು ಮಾಡಿದೆವು. ಕತ್ತಲಾಗುತ್ತಿತ್ತು. ಯಾವ ತುದಿ ಮೇಲೆ, ಯಾವುದು ಕೆಳಗೆ ಎಂದು ಮಾರ್ಕರಿನಲ್ಲಿ ಬಾಣದ ಗುರುತು ಹಾಕಿದವಳು ನಾನು.

ಏಳು ತಿಂಗಳ ನಂತರ ಫಲಿತಾಂಶಗಳು ಒಂದೊಂದಾಗಿ ಬಂದವು. ಮೇಲಿನ ತುಂಡಿನಲ್ಲಿ ಸೀಸ ಚೆಂದವಾಗಿ ಇಳಿಯುತ್ತಾ ಹೋಯಿತು. ನಾವು ಸಿಹಿ ಹಂಚುವುದೊಂದು ಬಾಕಿ. ಕೆಳಗಿನ ತುಂಡಿನ ಮೊದಲ ಡಬ್ಬಿಯಲ್ಲಿ ಅದು ತಟಕ್ಕನೆ ಬಹುತೇಕ ಸೊನ್ನೆಗೆ ಬಿತ್ತು. ಆಮೇಲೆ ಆಳಕ್ಕೆ ಹೋದಂತೆ ಏರತೊಡಗಿತು. ಏರುವುದಕ್ಕೆ ಸಾಧ್ಯವೇ ಇಲ್ಲ. ಇಲ್ಲೂ ಯಾರೋ ಅಗೆದು ಅಡಿಮೇಲು ಮಾಡಿದ್ದಾರೆ ಎಂದುಕೊಂಡೆ. ಮೂರನೆಯದೂ ಹೋಯಿತು ಎಂದು ಮೇಡಂಗೆ ಬರೆಯಬೇಕಿದ್ದ ಮೇಲ್ ಅನ್ನು ಎರಡು ದಿನ ಬರೆದು ಅಳಿಸುತ್ತಿದ್ದೆ.

ಮೂರನೇ ದಿನ ಸಂಜೆ ಹುಡುಗ ತೂಕದ ರಿಜಿಸ್ಟರ್ ಹಿಡಿದು ಬಂದ. "ಅಕ್ಕ, ಇದೊಂಚೂರು ನೋಡ್ತೀರಾ? ಕೆಳಗಿನ ತುಂಡಲ್ಲಿ ನೀರು ಉಲ್ಟಾ ಇದೆ."

ಕೆಳಗಿನ ಮಣ್ಣು ಮೇಲಿನ ಭಾರಕ್ಕೆ ಅಮುಕಿಕೊಂಡಿರುತ್ತದೆ, ಅದರಲ್ಲಿ ನೀರು ಕಡಿಮೆ. ಮೇಲಿನದರಲ್ಲಿ ಹೆಚ್ಚು. ಅವನ ರಿಜಿಸ್ಟರಿನಲ್ಲಿ ಕೆಳಗಿನ ತುಂಡಿನ ಮೇಲ್ತುದಿಯ ಹೋಳುಗಳಲ್ಲಿ ನೂರಕ್ಕೆ 36 ಪಾಲು ನೀರಿತ್ತು, ತಳದ ಹೋಳುಗಳಲ್ಲಿ 45. ಇಡೀ ತುಂಡು ತಲೆಕೆಳಗಾಗಿತ್ತು. ನನ್ನ ಬಾಣ ತಪ್ಪಾಗಿತ್ತು.

ಅವನು ಅಷ್ಟಕ್ಕೇ ನಿಲ್ಲಲಿಲ್ಲ. ಹೋಳು ಮಾಡಿದ ದಿನದ ನನ್ನ ಟಿಪ್ಪಣಿಯನ್ನೂ ತೆಗೆದ. ಮೇಲಿನ ತುಂಡಿನ ಕೊನೆಯ ಹೋಳಿನಲ್ಲಿ "ಒರಟು ಮರಳು" ಎಂದಿತ್ತು. ಕೆಳಗಿನ ತುಂಡಿನ ಕೊನೆಯ ಹೋಳಿನಲ್ಲೂ, ಅಂದರೆ 110ನೆಯದರಲ್ಲಿ, "ಒರಟು ಮರಳು". ನಡುವೆ ಎಲ್ಲೂ ಇಲ್ಲ. ನಮ್ಮ ಗರಗಸ ಒಂದೇ ಮರಳಿನ ಪದರದ ನಡುವೆ ಹಾದುಹೋಗಿತ್ತು. ಕೆಳಗಿನ ತುಂಡನ್ನು ತಿರುಗಿಸಿದರೆ ಮರಳು ಮರಳಿಗೆ ಕೂಡುತ್ತಿತ್ತು. 163ರಿಂದ ಪ್ರತಿ ಹೋಳಿನ ಹಳೆಯ ಸಂಖ್ಯೆ ಕಳೆದರೆ ಸರಿಯಾದ ಸಂಖ್ಯೆ ಸಿಗುತ್ತಿತ್ತು: 53 ಇದ್ದದ್ದು 110, 110 ಇದ್ದದ್ದು 53. ಹಾಗೆ ಬದಲಿಸಿದಾಗ ಸೀಸದ ಗೆರೆ ಎಲ್ಲೂ ತುಂಡಾಗದೆ ಮೇಲಿಂದ ಕೆಳಗೆ ಇಳಿಯಿತು. ಪ್ರಾಜೆಕ್ಟು ಉಳಿಯಿತು.

ಮಾರನೇ ದಿನ ನಾನು ಮೇಡಂ ಕೋಣೆಗೆ ಹೋಗಿ ತಪ್ಪನ್ನು ಒಪ್ಪಿಕೊಂಡೆ. ಎರಡು ಕಾಗದದ ಮೇಲೆ ಗೆರೆ ಎಳೆದು ತೋರಿಸಿದೆ. ನನ್ನ ಬಾಯಿಂದ ಬಂದ ಮಾತು: "ನೀರಿನ ಪ್ರಮಾಣ ನೋಡಿದಾಗ ಗೊತ್ತಾಯ್ತು ಮೇಡಂ."

ನೋಡಿದ್ದು ಯಾರು ಎಂದು ನಾನು ಹೇಳಲಿಲ್ಲ. ಸುಳ್ಳು ಹೇಳಲಿಲ್ಲ ಎಂದು ಆಗ ಸಮಾಧಾನ ಮಾಡಿಕೊಂಡೆ. ತಪ್ಪು ನನ್ನದು ಎಂದ ಮೇಲೆ ಅದನ್ನು ಹಿಡಿದದ್ದೂ ನಾನೇ ಎಂದಾದರೆ ಲೆಕ್ಕ ಸರಿಹೋಗುತ್ತದೆ ಎಂದು ಒಳಗೆಲ್ಲೋ ಅನಿಸಿತ್ತು. ಮೇಡಂ ಸಂತೋಷಪಟ್ಟರು. "ಒಂದೇ ಬಾಣ ಹಾಕೋದು ಸಾಲದು ಅಂತ ನಾನು ಹೇಳಿಕೊಡಬೇಕಿತ್ತು. ಕೊಳವೆ ಉದ್ದಕ್ಕೂ ಗೆರೆ ಎಳೆದು, ಎರಡೂ ತುದಿಗೆ ಬೇರೆ ಬಣ್ಣದ ಮುಚ್ಚಳ ಹಾಕಬೇಕಿತ್ತು. ಅದು ನನ್ನ ತಪ್ಪು" ಎಂದರು. ನನ್ನ ತಪ್ಪಿನಲ್ಲೂ ಅವರು ಪಾಲು ತೆಗೆದುಕೊಂಡರು. ನಾನು ಇನ್ನೊಬ್ಬನ ಗೆಲುವನ್ನು ಜೇಬಿಗಿಳಿಸಿಕೊಂಡು ಹೊರಬಂದೆ.

ಆ ಸುಮಾರಿಗೆ ಅಜ್ಜ ಇನ್ನೊಂದು ಕೆಲಸಕ್ಕೂ ಒದಗಿದರು. ಸೀಸದ ಲೆಕ್ಕದ ಪ್ರಕಾರ ಆ ಮರಳಿನ ಪದರ 1974ರ ಆಸುಪಾಸಿನದು, ನಾಲ್ಕು ವರ್ಷ ಹಿಂದೆ ಮುಂದೆ. ಈ ಲೆಕ್ಕವನ್ನು ಪರೀಕ್ಷಿಸಲು ಬೇರೆಯೇ ಸಾಕ್ಷಿ ಬೇಕಿತ್ತು. ಮೇಡಂ ನನ್ನಿಂದ ಆ ವರ್ಷವನ್ನು ಚೀಟಿಯಲ್ಲಿ ಬರೆಸಿ ಕವರಿನಲ್ಲಿಟ್ಟು ಅಂಟಿಸಿದರು. ಊರಿಗೆ ಹೋಗಿ ಅಜ್ಜನನ್ನು, "ಈ ಕೆರೆಗೆ ಯಾವಾಗಾದ್ರೂ ಮರಳು ಬಂದಿತ್ತಾ?" ಎಂದಷ್ಟೇ ಕೇಳಿದರು. ವರ್ಷದ ಸುಳಿವು ಕೊಡಲಿಲ್ಲ.

"ಒಂದೇ ಸಲ ಬಂದಿದ್ದು. ಮೇಲ್ಗಡೆ ಕೆರೆ ಒಡೀತಲ್ಲ, ಆವಾಗ. ಹಳ್ಳದ ಮರಳೆಲ್ಲ ಬಂದು ಕೂತ್ಕಂತು. ನಮ್ಮ ದೊಡ್ಡ ಮಗಳು ಹೊಟ್ಟೇಲಿದ್ಲು. ಎಮರ್ಜೆನ್ಸಿ ಅಂತಿದ್ರಲ್ಲ, ಆ ವರ್ಷ."

1975. ಮೇಡಂ ಕವರ್ ಹರಿದು ಅಜ್ಜನ ಎದುರೇ ಚೀಟಿ ಓದಿದರು. ಅಜ್ಜ ಚೀಟಿ ನೋಡಿ, ನಮ್ಮ ಮುಖ ನೋಡಿ, "ಇಷ್ಟಕ್ಕೆ ಅಷ್ಟು ದೊಡ್ಡ ಮಿಷಿನ್ನಾ?" ಎಂದರು.

ಇನ್ನು ಬರೆಯುವುದು ಬಾಕಿ. ಲೇಖನದಲ್ಲಿ ಯಾರ ಹೆಸರು ಎಲ್ಲಿ ಎಂಬ ಮಾತನ್ನು ಸಾಮಾನ್ಯವಾಗಿ ಎಲ್ಲ ಮುಗಿದ ಮೇಲೆ, ಬಾಗಿಲು ಮುಚ್ಚಿ ಆಡುತ್ತಾರೆ. ಮೇಡಂ ಒಂದು ಸಾಲೂ ಬರೆಯುವ ಮೊದಲೇ ಎಲ್ಲರನ್ನೂ ಕೂರಿಸಿದರು. ಅದಕ್ಕೆ ಕಾರಣ ಅಜ್ಜ. ನೀರುಗಂಟಿಗೆ ಹಿಂದೆ ಸಂಬಳ ಇರಲಿಲ್ಲ, ಆಯ ಇತ್ತು. ಸುಗ್ಗಿಯಲ್ಲಿ ಕಣದಲ್ಲೇ, ರಾಶಿ ಮನೆಗೆ ಹೋಗುವ ಮೊದಲು, ಎಲ್ಲರ ಎದುರು ಅಳೆದು ಕೊಡುತ್ತಿದ್ದ ಧಾನ್ಯ. "ಮನೆಗೆ ಹೋದ ಮ್ಯಾಲೆ ಕೇಳುದ್ರೆ ಅದು ಭಿಕ್ಷೆ ಆಯ್ತದೆ ಮೇಡಮ್ಮೋರೆ" ಎಂದಿದ್ದರಂತೆ ಅಜ್ಜ. ಅವರಿಗೆ ಆ ಪದ್ಧತಿಯ ಮೇಲೆ ಪ್ರೀತಿಯೇನೂ ಇರಲಿಲ್ಲ. ಆಯ ಕೊಡುವವರು ಅಂಗಳದಾಚೆ ನಿಲ್ಲಿಸುತ್ತಿದ್ದ ಕಾಲವನ್ನೂ ಅವರು ಕಂಡಿದ್ದರು. ಆದರೆ ಅಳತೆ ಎಲ್ಲಿ ಆಗಬೇಕು ಎನ್ನುವುದರಲ್ಲಿ ಅವರಿಗೆ ಅನುಮಾನ ಇರಲಿಲ್ಲ.

ಮೇಡಂ ಒಂದು ದೊಡ್ಡ ಹಾಳೆಯಲ್ಲಿ ಕೋಷ್ಟಕ ಹಾಕಿದ್ದರು. ಸಂಶೋಧನಾ ಪತ್ರಿಕೆಗಳು ಈಗ ಕ್ರೆಡಿಟ್ ಎಂಬ ಪಟ್ಟಿ ಕೇಳುತ್ತವೆ. ಕಲ್ಪನೆ, ವಿಧಾನ, ಮಾಪನ, ಬರವಣಿಗೆ ಎಂದು ಅದರಲ್ಲಿ 14 ಬಗೆಯ ಕೆಲಸಗಳಿವೆ, ಯಾವುದನ್ನು ಯಾರು ಮಾಡಿದರು ಎಂದು ಬರೆಯಬೇಕು. ಮೇಡಂ ಅದನ್ನು ನಮ್ಮ ಕೆಲಸದ ಭಾಷೆಗೆ ಇಳಿಸಿದ್ದರು. ಒಂದೊಂದೇ ಸಾಲು ಓದಿ, ಉತ್ತರ ಕೇಳಿ ಬರೆಯುತ್ತಾ ಹೋದರು. ಮೊದಲ ಎರಡು ಜಾಗ ಆರಿಸಿದ್ದು ಯಾರು? "ನಾನು" ಎಂದು ಅವರೇ ಬರೆದುಕೊಂಡರು. ಮೂರನೇ ಜಾಗ? ಅಜ್ಜ. ಹೋಳು ಮಾಡಿದ್ದು? ನಾನು. ತೂಗಿದ್ದು, ರಾತ್ರಿಯೆಲ್ಲ ಯಂತ್ರಕ್ಕೆ ಡಬ್ಬಿ ಬದಲಿಸಿದ್ದು? ಹುಡುಗ.

"ಕೆಳಗಿನ ತುಂಡು ತಿರುಗಿದೆ ಅಂತ ಮೊದಲು ಕಂಡಿದ್ದು?"

ಮೇಡಂ ಪೆನ್ನು ನನ್ನ ಹೆಸರಿನ ಕಡೆಗೆ ಹೊರಟಿತ್ತು. ಹುಡುಗ ತಲೆ ಎತ್ತಲಿಲ್ಲ, ಮೇಜಿನ ಮೇಲಿದ್ದ ಟೀ ಲೋಟವನ್ನು ತಿರುಗಿಸುತ್ತಿದ್ದ. ಅವನು ಏನೂ ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವನಿಗೆ ಮುಂದಿನ ವರ್ಷವೂ ಕೆಲಸ ಬೇಕು, ನಾನು ಅಕ್ಕ. ಪ್ರಶ್ನೆ ಗಾಳಿಯಲ್ಲಿ ಕೇಳಿದ್ದರೆ ತಪ್ಪಿಸಿಕೊಳ್ಳುತ್ತಿದ್ದೆನೇನೋ. ಆದರೆ ಅಲ್ಲಿ ಒಂದು ಖಾಲಿ ಚೌಕವಿತ್ತು, ಅದರಲ್ಲಿ ಒಂದು ಹೆಸರು ಬರೆಯಲೇಬೇಕಿತ್ತು.

"ನಾನಲ್ಲ ಮೇಡಂ. ಇವನು. ಮರಳಿನ ವಿಷಯ ಹಿಡಿದದ್ದೂ ಇವನೇ. ಆವತ್ತು ನಾನು ಹೇಳಲಿಲ್ಲ."

ಮೇಡಂ ನನ್ನನ್ನು ಒಂದು ಗಳಿಗೆ ನೋಡಿದರು. ಬಯ್ಯಲಿಲ್ಲ. ಅವನ ಹೆಸರು ಬರೆದರು. ಕೆಳಗಿನ ಸಾಲಿನಲ್ಲಿ, "ಗುರುತು ತಪ್ಪಾದದ್ದು" ಎಂಬಲ್ಲಿ ನನ್ನ ಹೆಸರಿನ ಮುಂದೆ ತಮ್ಮದನ್ನೂ ಸೇರಿಸಿದರು. ಆಮೇಲೆ, "ಹಾಗಾದ್ರೆ ಮೊದಲ ಲೇಖಕರು ಇಬ್ಬರು. ಸಮಾನ" ಎಂದರು.

ನನಗೆ ಹೊಟ್ಟೆಯಲ್ಲಿ ಕಿವುಚಿದಂತಾಯಿತು. ಒಪ್ಪಿಕೊಂಡಿದ್ದು ನಾನೇ, ಆದರೂ. ಮೊದಲ ಹೆಸರು ಎಂದರೆ ನಮ್ಮ ಲೋಕದಲ್ಲಿ ಕೆಲಸ, ಫೆಲೋಶಿಪ್ಪು, ಇಂಟರ್‌ವ್ಯೂ. ಸಮಾನ ಎಂದು ಅಡಿಟಿಪ್ಪಣಿಯಲ್ಲಿದ್ದರೂ ಓದುವವರು ಮೊದಲು ಬಂದ ಹೆಸರನ್ನೇ ಹೇಳುತ್ತಾರೆ ಎಂದು ಗೊತ್ತಿತ್ತು. ಆದರೂ ಆ ರಾತ್ರಿ ಹಾಸ್ಟೆಲಿನಲ್ಲಿ ಕೂತು ನನ್ನ ಕೆಲಸದ ಗಂಟೆಗಳನ್ನೂ ಅವನ ಗಂಟೆಗಳನ್ನೂ ಕೂಡಿದೆ. ನನ್ನವು ಹೆಚ್ಚಿದ್ದವು. ಆಮೇಲೆ, ಅವನು ರಿಜಿಸ್ಟರ್ ತರದಿದ್ದರೆ ಎಂದು ಯೋಚಿಸಿದೆ. ಆ ಮೇಲ್ ಹೋಗಿರುತ್ತಿತ್ತು, ಕೆರೆ ಮುಗಿದಿರುತ್ತಿತ್ತು, ನನ್ನ ಗಂಟೆಗಳೆಲ್ಲ ಅದರ ಜೊತೆಗೆ. ಹಾಳೆ ಮಡಚಿಟ್ಟು ಮಲಗಿದೆ.

ಅಜ್ಜನ ಹೆಸರು ಸೇರಿಸುವುದು ಇನ್ನೂ ಕಷ್ಟವಾಯಿತು. ಕೃತಜ್ಞತೆಯ ಪ್ಯಾರಾದಲ್ಲಿ ಒಂದು ಸಾಲು ಸಾಕು ಎಂದು ಹಲವರು ಹೇಳಿದರು. ಮೇಡಂ ಒಪ್ಪಲಿಲ್ಲ. ಜಾಗ ಆರಿಸಿದವರು, ಕಾಲವನ್ನು ಪರೀಕ್ಷಿಸಿ ಕೊಟ್ಟವರು ಲೇಖಕರಲ್ಲ ಎಂದಾದರೆ ತಾನೂ ಲೇಖಕಿಯಲ್ಲ ಎಂದರು. ಆದರೆ ಅವರು ಉದಾರತೆಗೆ ಹೆಸರು ಹಾಕುವುದಕ್ಕೂ ವಿರುದ್ಧವಾಗಿದ್ದರು. ಲೇಖಕ ಎನಿಸಿಕೊಳ್ಳಲು ಅನೇಕ ಪತ್ರಿಕೆಗಳು ಒಪ್ಪುವ ನಾಲ್ಕು ಶರತ್ತುಗಳಿವೆ: ಕೆಲಸದಲ್ಲಿ ಗಣನೀಯ ಪಾಲು ಇರಬೇಕು, ಬರಹವನ್ನು ಬರೆದಿರಬೇಕು ಇಲ್ಲವೇ ಗಂಭೀರವಾಗಿ ತಿದ್ದಿರಬೇಕು, ಕೊನೆಯ ರೂಪಕ್ಕೆ ಒಪ್ಪಿಗೆ ಕೊಟ್ಟಿರಬೇಕು, ಬರೆದದ್ದಕ್ಕೆ ಹೊಣೆಯಾಗಬೇಕು. ಓದು ಬಾರದ ಅಜ್ಜ ಇಂಗ್ಲಿಷ್ ಲೇಖನವನ್ನು ತಿದ್ದುವುದು ಹೇಗೆ?

ಲೇಖನ ಪೂರ್ತಿ ಕನ್ನಡಕ್ಕೆ ತಂದೆವು. ನಾನು ಮತ್ತು ಹುಡುಗ ಸೇರಿ ಎರಡು ವಾರ ತೆಗೆದುಕೊಂಡೆವು. ಏರಿಯ ಮೇಲಿನ ಹೊಂಗೆ ಮರದ ಕೆಳಗೆ ಮೇಡಂ ಅದನ್ನು ಗಟ್ಟಿಯಾಗಿ ಓದಿದರು. ಸೀಸದ ಭಾಗದಲ್ಲಿ ಅಜ್ಜ ತೂಕಡಿಸಿದರು. ಹೂಳಿನ ಭಾಗ ಬಂದಾಗ ಕೈ ಎತ್ತಿದರು. ನಾವು ಬರೆದಿದ್ದ ಸಾಲು ಹೀಗಿತ್ತು: ಹಿಂದೆ ಊರಿನ ಸಮುದಾಯ ಒಟ್ಟಾಗಿ ಪ್ರತಿವರ್ಷ ಹೂಳೆತ್ತುತ್ತಿತ್ತು.

"ಊರಿನ ಸಮುದಾಯ ಅಂದ್ರೆ ಯಾರು?"

ಮೇಡಂ ಓದು ನಿಲ್ಲಿಸಿದರು.

"ಅಗೆದಿದ್ದು ನಮ್ಮ ಕೇರಿಯೋರು. ಮಣ್ಣು ಹೋಗಿದ್ದು ಅಚ್ಚುಕಟ್ಟಿನೋರ ಹೊಲಕ್ಕೆ. ನಮಗೆ ಅಚ್ಚುಕಟ್ಟಲ್ಲಿ ಒಂದು ಗುಂಟೆ ಇರ್ನಿಲ್ಲ. ಅಗೆಯೋಕೆ ಬರಾಕಿಲ್ಲ ಅಂತ ನಮ್ಮೋರು ನಿಲ್ಲುಸ್ಬುಟ್ರು. ಜನ ಸೋಮಾರಿ ಆಗಿ ನಿಂತಿದ್ದಲ್ಲ ಅದು."

ನಮ್ಮ ಕರಡಿನಲ್ಲಿ ಅದೇ ಇತ್ತು, ಇನ್ನಷ್ಟು ಮರ್ಯಾದೆಯ ಮಾತಿನಲ್ಲಿ: ಸಾಮೂಹಿಕ ಜವಾಬ್ದಾರಿ ಕ್ಷೀಣಿಸಿದ್ದರಿಂದ ಹೂಳೆತ್ತುವಿಕೆ ನಿಂತಿತು. ಕೆರೆಗಳ ಬಗ್ಗೆ ಬರೆಯುವವರು ಬಹಳ ಸಲ ಹೀಗೆಯೇ ಬರೆಯುತ್ತಾರೆ, ನಾವೂ ಬರೆದಿದ್ದೆವು. ಆ ಪ್ಯಾರಾವನ್ನು ಅಲ್ಲೇ ಹೊಡೆದು ಹಾಕಿದೆವು. ಈಗ ಅಚ್ಚಾಗಿರುವುದರಲ್ಲಿ ಯಾರು ಅಗೆದರು, ಮಣ್ಣು ಯಾರಿಗೆ ಹೋಯಿತು, ಯಾಕೆ ನಿಂತಿತು ಎಂದು ಬಿಡಿಸಿ ಬರೆದಿದೆ. ಗಂಭೀರವಾಗಿ ತಿದ್ದಿರಬೇಕು ಎಂಬ ಶರತ್ತನ್ನು ಅಜ್ಜ ನಮ್ಮೆಲ್ಲರಿಗಿಂತ ಚೆನ್ನಾಗಿ ಪೂರೈಸಿದರು.

ಸಣ್ಣಪುಟ್ಟ ತೊಡಕುಗಳಿದ್ದವು. ಪತ್ರಿಕೆಯ ವೆಬ್‌ಸೈಟು ಪ್ರತಿ ಲೇಖಕರ ಇಮೇಲ್ ಕೇಳಿತು, ಅಜ್ಜನ ಒಪ್ಪಿಗೆ ಪಡೆದು ಮೊಮ್ಮಗನದನ್ನು ಕೊಟ್ಟೆವು. ಹೆಸರು ಹಾಕಿ ಕೂಲಿಯಲ್ಲೇ ಬಿಟ್ಟರೆ ಅದು ಮೋಸ ಎಂದು ಮೇಡಂ ತಜ್ಞರ ಗೌರವಧನದ ಲೆಕ್ಕದಲ್ಲಿ ಅವರಿಗೆ ಹಣ ಬರೆದರು. ಲೆಕ್ಕಪತ್ರ ವಿಭಾಗದವರು ತಜ್ಞರ ಪದವಿ ಪ್ರಮಾಣಪತ್ರ ಕೇಳಿದರು. ಮೂರು ಸಲ ಫೈಲು ವಾಪಸ್ ಬಂತು. ನಾಲ್ಕನೇ ಸಲ ಮೇಡಂ ಮೂರು ಕೊಳವೆಗಳ ಗೆರೆಗಳನ್ನು ಒಂದೇ ಹಾಳೆಯಲ್ಲಿ ಮುದ್ರಿಸಿ, ಮೂರನೆಯದರ ಪಕ್ಕದಲ್ಲಿ "ಇವರು ಹೇಳಿದ ಜಾಗ" ಎಂದು ಬರೆದು ಲಗತ್ತಿಸಿದರು. ಪಾಸಾಯಿತು.

ಕೊನೆಯ ಪರಿಶೀಲನಾ ಸಭೆಯಲ್ಲಿ ಅವರು ತೋರಿಸಿದ ಮೊದಲ ಚಿತ್ರವೂ ಅದೇ. ಮೊದಲ ಎರಡು ಗೆರೆಗಳ ಕೆಳಗೆ, ಜಾಗ ಆರಿಸಿದವರು ಎಂದು ತಮ್ಮ ಹೆಸರು. ಮೂರನೆಯದರ ಕೆಳಗೆ ಅಜ್ಜನದು. ಗೆರೆ ಕೂಡುವ 52ನೇ ಸೆಂಟಿಮೀಟರಿನಲ್ಲಿ ಒಂದು ಚಿಕ್ಕ ಬಾಣ, ಅಲ್ಲಿ ಹುಡುಗನ ಹೆಸರು. ಸಮಿತಿಯ ಹಿರಿಯರೊಬ್ಬರು ನಗುತ್ತಾ, "ಹಾಗಾದ್ರೆ ಪ್ರಾಜೆಕ್ಟಿನ ಮುಖ್ಯಸ್ಥರು ಏನು ಮಾಡಿದ್ರು?" ಎಂದರು. ಸಭೆಯೂ ನಕ್ಕಿತು.

"ಹದಿನಾಲ್ಕು ತಿಂಗಳು ತಪ್ಪು ಜಾಗದಲ್ಲಿ ಕೊಳವೆ ಇಳಿಸಿದೆ ಸರ್. ಆಮೇಲೆ ಕೇಳಿದೆ."

ಆ ಉತ್ತರ ವಿನಯ ಎಂದು ಅಲ್ಲಿದ್ದವರಿಗೆ ಅನಿಸಿರಬಹುದು. ನನಗೆ ಹಾಗನಿಸಲಿಲ್ಲ, ಅದು ಬರೀ ವರದಿ. "ಇದು ಇಡೀ ತಂಡದ ಗೆಲುವು" ಎಂದು ಮೇಡಂ ಒಂದು ಸಲವೂ ಹೇಳಿದ್ದು ನನಗೆ ನೆನಪಿಲ್ಲ. ಹಾಗೆ ಹೇಳಿದ್ದರೆ, ಆ ತಂಡ ಎನ್ನುವ ಮಾತಿನೊಳಗೆ ನಾನು ಆರಾಮಾಗಿ ಅಡಗಿಕೊಂಡಿರುತ್ತಿದ್ದೆ. ಕೆರೆ ಅಗೆದವರು "ಊರಿನ ಸಮುದಾಯ" ಎಂಬ ಮಾತಿನೊಳಗೆ ಕಾಣದೆ ಹೋದ ಹಾಗೆ ಹುಡುಗನೂ ಅದರಲ್ಲಿ ಕಾಣದೆ ಹೋಗುತ್ತಿದ್ದ.

ಲೇಖನ ಬಂದ ಮೇಲೆ ಒಂದು ಪ್ರತಿ ಮುದ್ರಿಸಿಕೊಂಡು ಊರಿಗೆ ಹೋದೆವು. ಅಜ್ಜ ತಮ್ಮ ಹೆಸರು ಎಲ್ಲಿದೆ ಎಂದು ಮೊಮ್ಮಗನಿಂದ ಬೆರಳಿಟ್ಟು ತೋರಿಸಿಕೊಂಡರು. ಇಂಗ್ಲಿಷಿನಲ್ಲಿ ಅದು ಇಷ್ಟುದ್ದ ಇದೆಯಾ ಎಂದು ಕೇಳಿದರು. ಆಮೇಲೆ ಹಾಳೆಯನ್ನು ನನ್ನ ಕೈಗೇ ಕೊಟ್ಟು, "ಮುಂದಿನ ಕೆರೆ ಯಾವ್ದವ್ವಾ?" ಎಂದರು.

ಮುಂದಿನದು ಅಲ್ಲಿಂದ ಒಂಬತ್ತು ಕಿಲೋಮೀಟರ್ ದೂರದಲ್ಲಿದೆ. ಹೋದ ತಿಂಗಳು ಮೊದಲ ಸಲ ಹೋಗಿದ್ದೆವು. ಈಗ ಹುಡುಗನೂ ಒಂದು ನೋಟ್‌ಬುಕ್ ಇಟ್ಟಿದ್ದಾನೆ. ನಮ್ಮಿಬ್ಬರ ನೋಟ್‌ಬುಕ್ಕಿನಲ್ಲೂ ಎಡಗಡೆ ಒಂದು ಕಿರಿದಾದ ಅಂಕಣ ಹೆಚ್ಚಾಗಿದೆ. ಅದರ ತಲೆಬರಹ: ಯಾರು ಹೇಳಿದ್ದು. ಮೊದಲ ದಿನ ಏರಿಯ ಮೇಲೆ ಎಮ್ಮೆ ಕಾಯುತ್ತಿದ್ದ ಹೆಂಗಸೊಬ್ಬರು ನಮ್ಮ ಕೊಳವೆ ನೋಡಿ, "ಅಲ್ಲಿ ಬ್ಯಾಡ ಕಣವ್ವಾ" ಎಂದರು. ತೆಪ್ಪ ನಿಲ್ಲಿಸಿ, ಅವರ ಹೆಸರು ಕೇಳಿ ಬರೆದುಕೊಂಡೆ. ಆಮೇಲೆ ಯಾಕೆ ಎಂದು ಕೇಳಿದೆ.